ಮಾತು ಸಂಗೀತದಡಿ ಹೂತಾಗ: ಮೊದಲ 30 ಸೆಕೆಂಡುಗಳನ್ನು ಅಳೆಯುವ ಬಗೆ

ಪ್ರಶ್ನೆ: ವಿವರಣಾತ್ಮಕ ವಿಡಿಯೊಗಳನ್ನು ಮಾಡಿ ಯೂಟ್ಯೂಬಿಗೆ ಹಾಕುತ್ತೇನೆ. ಇತ್ತೀಚಿನದು 8 ನಿಮಿಷ 20 ಸೆಕೆಂಡಿನದು. ಲೌಡ್‌ನೆಸ್ ಅಳೆದೇ ಹಾಕಿದ್ದೆ, −14.3 ಲಫ್ಸ್ ಬಂದಿತ್ತು. ಆದರೂ ಧ್ವನಿ ಮುಚ್ಚಿಕೊಂಡಂತಿದೆ ಎಂದು ಕೆಲವರು ಬರೆದಿದ್ದಾರೆ. 30ನೇ ಸೆಕೆಂಡಿಗೆ ಅರ್ಧದಷ್ಟು ಜನ ಹೋಗಿಬಿಟ್ಟಿರುತ್ತಾರೆ; ಹಿಂದಿನ ವಿಡಿಯೊಗಳಲ್ಲಿ ಹೀಗಿರಲಿಲ್ಲ. ತಪ್ಪು ಹಿನ್ನೆಲೆ ಸಂಗೀತದ್ದೋ, ವಿಷಯದ್ದೋ? ಅಳೆದು ಹೇಳಲು ಬರುತ್ತದೆಯೇ? ಈ ವಿಡಿಯೊದ ಫೈಲು, ಹಳೆಯದೊಂದರ ಫೈಲು ಮತ್ತು ಎರಡರ ವೀಕ್ಷಣೆಯ ಗ್ರಾಫ್‌ಗಳನ್ನು ಕಳಿಸಿದ್ದೇನೆ.

ಉತ್ತರ: ಬರುತ್ತದೆ. ಆದರೆ ನೀವು ಅಳೆದ ಅಂಕಿಯಿಂದಲ್ಲ. ಲಫ್ಸ್ ಎಂಬುದು ಸದ್ದು ಕಿವಿಗೆ ಎಷ್ಟು ಜೋರು ಎಂಬುದರ ಮಾನ, ಸೊನ್ನೆಗೆ ಹತ್ತಿರವಾದಷ್ಟೂ ಜೋರು. −14.3 ಎನ್ನುವುದು ಇಡೀ ಫೈಲಿನ ಸರಾಸರಿ. ಅದರಲ್ಲಿ ಮಾತು ಎಷ್ಟು, ಸಂಗೀತ ಎಷ್ಟು ಎಂಬ ಭೇದವೇ ಇಲ್ಲ. ಈ ಅಳತೆಯ ಸೂತ್ರವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವಾದ ಐಟಿಯು 2006ರಲ್ಲಿ ಬಿಎಸ್ 1770 ಎಂಬ ಹೆಸರಿನಲ್ಲಿ ಹೊರತಂದಿತು. ಯೂರೋಪಿನ ಪ್ರಸಾರಕರ ಒಕ್ಕೂಟವಾದ ಇಬಿಯು 2010ರಲ್ಲಿ ಅದರ ಮೇಲೆಯೇ ತನ್ನ ಆರ್ 128 ನಿಯಮವನ್ನು ಕಟ್ಟಿತು. ಒಂದು ಕಾರ್ಯಕ್ರಮದಿಂದ ಇನ್ನೊಂದಕ್ಕೆ, ಕಾರ್ಯಕ್ರಮದಿಂದ ಜಾಹೀರಾತಿಗೆ ಹೋದಾಗ ಕೇಳುಗ ಪ್ರತಿಸಲ ವಾಲ್ಯೂಮ್ ತಿರುಗಿಸಬೇಕಾಗಿ ಬರಬಾರದು ಎನ್ನುವುದು ಅವರ ಚಿಂತೆಯಾಗಿತ್ತು. ಮಾತು ಸ್ಪಷ್ಟವಾಗಿದೆಯೇ ಎಂಬ ಪ್ರಶ್ನೆಗೆ ಈ ಅಂಕಿ ಉತ್ತರ ಕೊಡುವುದಿಲ್ಲ. ಒಂದಕ್ಷರವೂ ಕೇಳಿಸದ ವಿಡಿಯೊ ಕೂಡ ಸರಿಯಾಗಿ −14ಕ್ಕೆ ಬಂದು ನಿಲ್ಲಬಲ್ಲದು.

ನಿಮ್ಮ ಫೈಲಿನಲ್ಲಿ ಆ ಅಂಕಿ ಎಲ್ಲಿಂದ ಬಂದಿತು ಎಂಬುದು ಇನ್ನೂ ಸ್ವಾರಸ್ಯಕರ. ಮಾತಿನ ಭಾಗ ಸುಮಾರು −16ರಲ್ಲಿದೆ. ಕೊನೆಯ ಒಂದು ನಿಮಿಷ ಬರೀ ಸಂಗೀತ, ಅದು −9ರಲ್ಲಿದೆ. ಡೆಸಿಬಲ್‌ಗಳನ್ನು ನೇರವಾಗಿ ಸರಾಸರಿ ಮಾಡುವಂತಿಲ್ಲ, ಅವುಗಳ ಹಿಂದಿನ ಶಕ್ತಿಯನ್ನು ಕೂಡಿಸಬೇಕು. ಹಾಗೆ ಕೂಡಿಸಿದರೆ 440 ಸೆಕೆಂಡು −16 ಮತ್ತು 60 ಸೆಕೆಂಡು −9 ಸೇರಿ −14.3 ಆಗುತ್ತದೆ. ಅಂದರೆ ಹೆಚ್ಚಿನವರು ತಲುಪದ ಆ ಕೊನೆಯ ನಿಮಿಷವೇ ನಿಮ್ಮ ಅಂಕಿಯನ್ನು ಎತ್ತಿ ಹಿಡಿದಿದೆ. ಯೂಟ್ಯೂಬ್ ಸುಮಾರು −14ಕ್ಕಿಂತ ಜೋರಾಗಿರುವುದನ್ನು ತಗ್ಗಿಸುತ್ತದೆ; ಮೆತ್ತಗಿರುವುದನ್ನು ಈ ಹೊಂದಾಣಿಕೆಯಲ್ಲಿ ಎತ್ತುವುದಿಲ್ಲ. ವಿಡಿಯೊದ ಮೇಲೆ ಬಲ ಕ್ಲಿಕ್ ಮಾಡಿ `Stats for nerds` ತೆರೆದರೆ `content loudness` ಎಂಬ ಅಂಕಿ ಕಾಣುತ್ತದೆ. ಅದೂ ಇಡೀ ಫೈಲಿನ ಅಳತೆಯೇ. ಆದ್ದರಿಂದ ಅದನ್ನು ನೋಡಿ ಸಮಾಧಾನ ಪಡುವ ಹಾಗಿಲ್ಲ.

ಈಗ ಬೇಕಾದ ಅಳತೆಗೆ ಬರುತ್ತೇನೆ: ಮಾತಿಗೂ ಸಂಗೀತಕ್ಕೂ ನಡುವಿನ ಅಂತರ, ಅದೂ ಮೊದಲ ಅರ್ಧ ನಿಮಿಷದಲ್ಲಿ.

ಎಡಿಟಿಂಗ್ ಪ್ರಾಜೆಕ್ಟ್ ನಿಮ್ಮ ಬಳಿ ಇದ್ದರೆ ಕೆಲಸ ಸುಲಭ. ಮಾತಿನ ಟ್ರ್ಯಾಕ್ ಒಂದನ್ನೇ ಹೊರತೆಗೆಯಿರಿ, ಸಂಗೀತದ ಟ್ರ್ಯಾಕ್ ಒಂದನ್ನೇ ಹೊರತೆಗೆಯಿರಿ, ಎರಡನ್ನೂ ಅಳೆದು ಕಳೆಯಿರಿ. ಮಾತು ಬಂದಾಗ ಸಂಗೀತ ತಾನಾಗಿ ತಗ್ಗುವ ಡಕಿಂಗ್ ಹಾಕಿದ್ದರೆ ಒಂದು ಎಚ್ಚರ ಬೇಕು. ಮಾತಿನ ಟ್ರ್ಯಾಕನ್ನು ಮ್ಯೂಟ್ ಮಾಡಿದ ಕೂಡಲೇ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಡಕಿಂಗ್ ಕೂಡ ನಿಂತುಹೋಗುತ್ತದೆ. ಆಗ ಸಂಗೀತ ಇರುವುದಕ್ಕಿಂತ ಜೋರಾಗಿ ಅಳತೆಗೆ ಸಿಗುತ್ತದೆ.

ನೀವು ಕಳಿಸಿದ್ದು ಬೆರೆತ ಫೈಲು. ಅದರಿಂದಲೂ ಅಂತರವನ್ನು ತೆಗೆಯಬಹುದು, ಏಕೆಂದರೆ ಮಾತಾಡುವವರು ಉಸಿರೆಳೆಯಲೇಬೇಕು. ಎರಡು ವಾಕ್ಯಗಳ ನಡುವಿನ ಬಿಡುವಿನಲ್ಲಿ ಸಂಗೀತ ಮಾತ್ರ ಇರುತ್ತದೆ. ವಾಕ್ಯ ನಡೆಯುವಾಗ ಮಾತು ಮತ್ತು ಸಂಗೀತ ಎರಡೂ ಸೇರಿರುತ್ತವೆ. ಎರಡನ್ನೂ ಅಳೆದರೆ ಮಾತಿನ ಪಾಲು ಎಷ್ಟೆಂದು ಲೆಕ್ಕ ಹಾಕಬಹುದು. ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರ್ ಇದಕ್ಕೆ ಸಾಕು:

```
ffmpeg -nostats -t 60 -i video.mp4 -vn -af ebur128 -f null - 2> full.txt
```

ಇದು ಮೊದಲ 60 ಸೆಕೆಂಡುಗಳನ್ನು ಓದಿ, ಸೆಕೆಂಡಿಗೆ ಹತ್ತು ಸಾಲಿನಂತೆ ಅಂಕಿಗಳನ್ನು `full.txt` ಫೈಲಿಗೆ ಬರೆಯುತ್ತದೆ. ಪ್ರತಿ ಸಾಲಿನಲ್ಲಿ `t` ಎಂದರೆ ಸಮಯ, `M` ಎಂದರೆ ಆ ಕ್ಷಣಕ್ಕೆ ಹಿಂದಿನ 400 ಮಿಲಿಸೆಕೆಂಡಿನ ಲೌಡ್‌ನೆಸ್, `S` ಎಂದರೆ ಹಿಂದಿನ 3 ಸೆಕೆಂಡಿನದು. ಮೂರು ಸೆಕೆಂಡಾದರೂ ತಡೆಯಿಲ್ಲದೆ ಸಾಗುವ ವಾಕ್ಯವನ್ನು ಹುಡುಕಿ ಅದರ ಕೊನೆಯಲ್ಲಿ `S` ಓದಿ. ಬಿಡುವಿಗೆ `S` ನಡೆಯುವುದಿಲ್ಲ, ಅದರಲ್ಲಿ ಹಿಂದಿನ ಮಾತೂ ಸೇರಿಕೊಂಡಿರುತ್ತದೆ. ಅಲ್ಲಿ `M` ಓದಬೇಕು, ಅದೂ ಆ ಬಿಡುವಿನೊಳಗಿನ ಅತಿ ಕಡಿಮೆ ಅಂಕಿಯನ್ನು. ಬಿಡುವು ಮುಕ್ಕಾಲು ಸೆಕೆಂಡಾದರೂ ಇರಲಿ. ಅಳತೆಯ ಕಿಟಕಿಗೇ 0.4 ಸೆಕೆಂಡು ಬೇಕು, ಅದರ ಮೇಲೆ ಕೋಣೆಯಲ್ಲಿ ಉಳಿಯುವ ಮಾತಿನ ಗುಂಗು ಅಡಗಲು ಸ್ವಲ್ಪ ಸಮಯ ಹಿಡಿಯುತ್ತದೆ. ಒಂದೇ ಬಿಡುವನ್ನು ನಂಬಬೇಡಿ. ತಾಳವಾದ್ಯವಿರುವ ಸಂಗೀತದಲ್ಲಿ ಪೆಟ್ಟು ಬಿದ್ದ ಕಡೆ ಒಂದು ಅಂಕಿ, ಬೀಳದ ಕಡೆ ಇನ್ನೊಂದು. ನಾಲ್ಕೈದು ಬಿಡುವುಗಳನ್ನು ಓದಿ ಮಧ್ಯದ ಅಂಕಿಯನ್ನು ಹಿಡಿಯಿರಿ.

ಆಮೇಲಿನ ಲೆಕ್ಕ ಇಷ್ಟೇ. `D` ಎಂದರೆ ಮಾತಿರುವಾಗಿನ ಅಂಕಿಗೂ ಬಿಡುವಿನ ಅಂಕಿಗೂ ಇರುವ ವ್ಯತ್ಯಾಸ, `R` ಎಂದರೆ ಮಾತು ಸಂಗೀತಕ್ಕಿಂತ ಎಷ್ಟು ಡೆಸಿಬಲ್ ಮೇಲಿದೆ ಎಂಬುದು:

```
D = S_speech - M_pause
R = 10 * log10(10^(D/10) - 1)
```

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ವ್ಯತ್ಯಾಸ 3 ಡೆಸಿಬಲ್ ಬಂದರೆ ಮಾತು 3 ಡೆಸಿಬಲ್ ಮೇಲಿದೆ ಎಂದು ಭಾವಿಸುತ್ತಾರೆ. ಸೂತ್ರದಲ್ಲಿ 3 ಹಾಕಿ ನೋಡಿ, `R` ಸೊನ್ನೆಗೆ ಬಂದು ನಿಲ್ಲುತ್ತದೆ. ಸಮಾನ ಶಕ್ತಿಯ ಎರಡು ಸದ್ದುಗಳು ಸೇರಿದರೆ ಒಟ್ಟು 3 ಡೆಸಿಬಲ್ ಹೆಚ್ಚುತ್ತದೆ, ಅಷ್ಟೇ. ವ್ಯತ್ಯಾಸ 10 ದಾಟಿದ ಮೇಲೆ `D` ಮತ್ತು `R` ಹೆಚ್ಚುಕಡಿಮೆ ಒಂದೇ ಆಗುವುದರಿಂದ ಅಲ್ಲಿ ಈ ಗೊಂದಲವಿಲ್ಲ.

ನಿಮ್ಮ ವಿಡಿಯೊದಲ್ಲಿ 4ನೇ ಸೆಕೆಂಡಿನಿಂದ ಮಾತು ಶುರುವಾಗುತ್ತದೆ. 34ನೇ ಸೆಕೆಂಡಿನವರೆಗೆ ಮಾತಿರುವಾಗ −15, ಬಿಡುವಿನಲ್ಲಿ −18. ವ್ಯತ್ಯಾಸ ಸರಿಯಾಗಿ 3, ಅಂದರೆ ಮಾತೂ ಸಂಗೀತವೂ ಸರಿಸಮ. 34ನೇ ಸೆಕೆಂಡಿನಲ್ಲಿ ನೀವೇ ಸಂಗೀತವನ್ನು ಇಳಿಸಿದ್ದೀರಿ. ಆಮೇಲೆ ಮಾತಿರುವಾಗ −16, ಬಿಡುವಿನಲ್ಲಿ −34. ಅಲ್ಲಿ ಮಾತು 18 ಡೆಸಿಬಲ್ ಮೇಲಿದೆ. ಹೋಲಿಕೆಗೆ ಒಂದು ಅಧಿಕೃತ ಗೆರೆ ಬೇಕೆಂದರೆ, ಅಂತರಜಾಲದ ಸುಲಭಲಭ್ಯತೆಯ ನಿಯಮಾವಳಿಯಾದ ಡಬ್ಲ್ಯುಸಿಎಜಿಯ 1.4.7ನೇ ಅಂಶವಿದೆ. ಧ್ವನಿ ಮಾತ್ರ ಇರುವ ಮುದ್ರಿಕೆಗಳಲ್ಲಿ ಮಾತಿಗಿಂತ ಹಿನ್ನೆಲೆ ಕನಿಷ್ಠ 20 ಡೆಸಿಬಲ್ ಕೆಳಗಿರಬೇಕು ಎಂದು ಅದು ಹೇಳುತ್ತದೆ. ಅದು ಅತ್ಯಂತ ಕಟ್ಟುನಿಟ್ಟಾದ ಮೂರನೇ ಹಂತದ ನಿಯಮ, ಶ್ರವಣದೋಷವಿರುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ವಿವರಣೆಯ ವಿಡಿಯೊಗೆ ನಾನು 15ಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಎಲ್ಲ ಸೌಜನ್ಯ ಬಿಟ್ಟು ಹೇಳುವುದಾದರೆ, ಸೊನ್ನೆ ಎಂಬುದು ಹಿನ್ನೆಲೆ ಸಂಗೀತವೇ ಅಲ್ಲ.

ಈ ವಿಧಾನಕ್ಕೆ ಮಿತಿಗಳಿವೆ. ಡಕಿಂಗ್ ಇರುವ ಫೈಲಿನಲ್ಲಿ ಬಿಡುವು ಬಂದಾಗ ಸಂಗೀತ ಮೇಲೇಳುತ್ತದೆ. ಆದ್ದರಿಂದ ಲೆಕ್ಕ ನಿಜಸ್ಥಿತಿಗಿಂತ ಕೆಟ್ಟದಾಗಿ ಕಾಣುತ್ತದೆ. ಬಿಡುವಿನ ಮೊದಲ 0.4 ಸೆಕೆಂಡು ಕಳೆದ ಮೇಲೆ ಅಂತ್ಯದವರೆಗೆ `M` ಏರುತ್ತಲೇ ಹೋದರೆ ಡಕಿಂಗ್ ಇದೆ ಎಂದು ತಿಳಿಯಬಹುದು. ನಿಮ್ಮದರಲ್ಲಿ ಅದು ಸಮತಟ್ಟಾಗಿದೆ, ಹಾಗಾಗಿ ಲೆಕ್ಕವನ್ನು ನಂಬಬಹುದು. ಫ್ಯಾನಿನ ಸದ್ದು, ಕೋಣೆಯ ಸದ್ದು ಕೂಡ ಬಿಡುವಿನ ಅಂಕಿಯೊಳಗೇ ಸೇರುತ್ತವೆ ಎಂಬುದೂ ನೆನಪಿರಲಿ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ನೋಡಿದವರು ಸಂಗೀತ ಜೋರಾಯಿತು ಎಂದು ದೂರಲಿಲ್ಲ, ಧ್ವನಿ ಮುಚ್ಚಿಕೊಂಡಂತಿದೆ ಎಂದರು. ಅವರ ಕಿವಿ ಸುಳ್ಳು ಹೇಳುತ್ತಿಲ್ಲ.

ಮಾತಿನ ಶಕ್ತಿಯ ಬಹುಪಾಲು 1 ಕಿಲೋಹರ್ಟ್ಸಿನ ಕೆಳಗೆ, ಸ್ವರಗಳಲ್ಲಿ ಇರುತ್ತದೆ. ಆದರೆ ಒಂದು ಪದವನ್ನು ಇನ್ನೊಂದರಿಂದ ಬೇರ್ಪಡಿಸುವ ವ್ಯಂಜನಗಳ ಗುರುತು ಹೆಚ್ಚಾಗಿ 2ರಿಂದ 5 ಕಿಲೋಹರ್ಟ್ಸ್ ಆಸುಪಾಸಿನಲ್ಲಿದೆ. ಸಕಾರದಂಥವು ಇನ್ನೂ ಮೇಲಕ್ಕೂ ಹರಡಿರುತ್ತವೆ. ಆ ಕಂಪನಾಂಕಗಳ ಪಟ್ಟಿ ಕಳೆದುಹೋದರೆ ಕಾಲು, ಸಾಲು, ತಾಲೂಕಿನ ಮೊದಲ ಅಕ್ಷರಗಳೆಲ್ಲ ಒಂದೇ ಥರ ಕೇಳಿಸುತ್ತವೆ. ದನಿ ಇದೆ, ಜೋರಾಗಿಯೂ ಇದೆ, ಪದ ಮಾತ್ರ ಸಿಗುವುದಿಲ್ಲ. ಕೇಳುಗರು ಇದನ್ನೇ ಮುಚ್ಚಿಕೊಂಡಂತಿದೆ ಎನ್ನುವುದು. ಒಟ್ಟು ಲೌಡ್‌ನೆಸ್‌ನ ಅಂಕಿಯಲ್ಲಿ ಈ ನಷ್ಟ ಹೆಚ್ಚು ಕಾಣುವುದೂ ಇಲ್ಲ, ಏಕೆಂದರೆ ಅಲ್ಲಿದ್ದ ಶಕ್ತಿಯೇ ಚಿಕ್ಕದು.

ಆದ್ದರಿಂದ ಅದೇ ಅಳತೆಯನ್ನು ಆ ಪಟ್ಟಿಯೊಳಗೆ ಮಾತ್ರ ಇನ್ನೊಮ್ಮೆ ಮಾಡಬೇಕು:

```
ffmpeg -nostats -t 60 -i video.mp4 -vn -af "highpass=f=2000,lowpass=f=5000,ebur128" -f null - 2> band.txt
```

ಮೊದಲು ಸಂಗೀತ ತಗ್ಗಿದ ಭಾಗವನ್ನು ನೋಡಿ, 40ನೇ ಸೆಕೆಂಡಿನ ನಂತರ. ಅಲ್ಲಿ ನಿಮ್ಮ ಧ್ವನಿ ಒಟ್ಟಾರೆ −16, ಪಟ್ಟಿಯೊಳಗೆ −32, ವ್ಯತ್ಯಾಸ 16. ನಿಮ್ಮದೇ ಹಳೆಯ ವಿಡಿಯೊದಲ್ಲಿ ಈ ವ್ಯತ್ಯಾಸ 10. ಧ್ವನಿ ಅದೇ, ಮಾತಾಡುವ ರೀತಿ ಅದೇ, ಆದರೆ ವ್ಯಂಜನಗಳ ಪಟ್ಟಿಯಲ್ಲಿ 6 ಡೆಸಿಬಲ್ ಕಾಣೆಯಾಗಿದೆ. ಈ 16 ಅಥವಾ 10ಕ್ಕೆ ಸ್ವತಂತ್ರ ಅರ್ಥವಿಲ್ಲ; ಒಬ್ಬೊಬ್ಬರ ಕಂಠಕ್ಕೆ ಒಂದೊಂದು. ಇನ್ನೊಬ್ಬರ ಧ್ವನಿಯೊಂದಿಗೆ ಹೋಲಿಸಬೇಡಿ. ನಿಮ್ಮದನ್ನು ನಿಮ್ಮದರೊಂದಿಗೆ ಮಾತ್ರ ಹೋಲಿಸಿ.

ಈಗ ಇದೇ ಪಟ್ಟಿಯಲ್ಲಿ ಮೊದಲ 34 ಸೆಕೆಂಡುಗಳನ್ನು ನೋಡೋಣ. ಮಾತಿರುವಾಗ −27, ಬಿಡುವಿನಲ್ಲಿ −28. ವ್ಯತ್ಯಾಸ ಬರೀ 1. ಸೂತ್ರಕ್ಕೆ ಹಾಕಿದರೆ `R` ಸುಮಾರು −6 ಬರುತ್ತದೆ. ಒಟ್ಟಾರೆ ಸರಿಸಮವೆಂದು ಕಂಡದ್ದು ವ್ಯಂಜನಗಳ ಜಾಗದಲ್ಲಿ ಸರಿಸಮವೂ ಅಲ್ಲ. ಅಲ್ಲಿ ನಿಮ್ಮ ಮಾತು ಸಂಗೀತಕ್ಕಿಂತ 6 ಡೆಸಿಬಲ್ ಕೆಳಗೆ ಬಿದ್ದಿದೆ. ನಿಮ್ಮ ಪ್ರಶ್ನೆಯ ತಿರುಳು ಈ ಅಂಕಿಯೇ. ಮೊಬೈಲಿನ ಸಣ್ಣ ಸ್ಪೀಕರ್ ಕೆಳಗಿನ ಕಂಪನಾಂಕಗಳನ್ನು ಸರಿಯಾಗಿ ನುಡಿಸಲಾರದು, ಅದರಿಂದ ಹೊರಬರುವುದು ಹೆಚ್ಚಾಗಿ ಈ ಮೇಲಿನ ಭಾಗವೇ. ನೀವು ಎಡಿಟ್ ಮಾಡುವಾಗ ದೊಡ್ಡ ಹೆಡ್‌ಫೋನಿನಲ್ಲಿ ಧ್ವನಿಯ ದಪ್ಪವನ್ನೂ ಕೇಳಿದಿರಿ. ಮೊಬೈಲಿನಲ್ಲಿ ನೋಡಿದವರಿಗೆ ಆ ದಪ್ಪವೂ ಸಿಗಲಿಲ್ಲ. ಸಾಲದೆಂಬಂತೆ, ಪಠ್ಯ ಬರೆದವರು ನೀವೇ. ಯಾವ ಪದ ಬರಲಿದೆ ಎಂದು ಮೊದಲೇ ಗೊತ್ತಿರುವವರ ಮಿದುಳು ಕೇಳಿಸದ ವ್ಯಂಜನವನ್ನೂ ತಾನೇ ತುಂಬಿಕೊಳ್ಳುತ್ತದೆ. ಸ್ಪಷ್ಟತೆಯ ವಿಷಯದಲ್ಲಿ ಬರೆದವರ ಕಿವಿ ಸಾಕ್ಷಿಗೆ ಬಾರದು.

ಆ 6 ಡೆಸಿಬಲ್ ಎಲ್ಲಿ ಹೋಯಿತು? ಯಾವ ಕ್ಷಣದಲ್ಲಿ ಯಾವ ಕಂಪನಾಂಕ ಎಷ್ಟಿದೆ ಎಂದು ಕೆಳಗಿನಿಂದ ಮೇಲಕ್ಕೆ ತೋರಿಸುವ ಚಿತ್ರವಾದ ಸ್ಪೆಕ್ಟ್ರೋಗ್ರಾಮ್ ತೆಗೆದು ನೋಡಿದರೆ ತಿಳಿಯುತ್ತದೆ. ಧ್ವನಿ ಎಡಿಟ್ ಮಾಡುವ ಆಡಾಸಿಟಿಯಲ್ಲೂ ಆಗುತ್ತದೆ, ಎಫ್‌ಎಫ್‌ಎಂಪೆಗ್‌ನಲ್ಲೂ ಆಗುತ್ತದೆ. ಒಂದು ಎತ್ತರಕ್ಕೆ ಚಾಕುವಿನಿಂದ ಕೊಯ್ದಂತೆ ಚಿತ್ರ ನಿಂತುಹೋದರೆ, ಅದು ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕ್ ಬಳಸಿದ ಗುರುತಾಗಿರಬಹುದು. ಕರೆಗಾಗಿ ಮಾಡಿದ ಆ ದಾರಿಯಲ್ಲಿ ಸಾಮಾನ್ಯವಾಗಿ 4 ಅಥವಾ 8 ಕಿಲೋಹರ್ಟ್ಸಿನ ಮೇಲೆ ಏನೂ ಬರುವುದಿಲ್ಲ, ಮತ್ತೆ ತರಲೂ ಆಗುವುದಿಲ್ಲ. ಚಿತ್ರ ಮೇಲೆ ಹೋದಂತೆ ಕ್ರಮೇಣ ತೆಳುವಾಗುತ್ತಾ ಹೋದರೆ ಮೈಕ್ ಬಟ್ಟೆಯೊಳಗಿತ್ತು, ಅಥವಾ ಬಾಯಿಯಿಂದ ಬೇರೆ ಕಡೆಗೆ ಮುಖ ಮಾಡಿತ್ತು. ಮಾತಿನ ನಡುವೆ ತೂತು ತೂತಾಗಿ ಕಪ್ಪು ಕಲೆಗಳಿದ್ದರೆ ಸದ್ದು ಕಳೆಯುವ ಫಿಲ್ಟರನ್ನು ಅತಿಯಾಗಿ ಹಾಕಿದ್ದಾರೆ. ಅದು ಫ್ಯಾನಿನ ಸದ್ದಿನೊಂದಿಗೆ ಸಕಾರವನ್ನೂ ನುಂಗಿರುತ್ತದೆ. ನಿಮ್ಮದು ಎರಡನೆಯ ಬಗೆ. ಕಾಲರ್ ಮೈಕನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡಿದ್ದೀರಿ ಎಂದು ನನ್ನ ಊಹೆ. ಇದು ಇದ್ದುದರಲ್ಲಿ ಒಳ್ಳೆಯ ಸುದ್ದಿ, ಈಕ್ವಲೈಸರ್‌ನಿಂದ ಬಹುಮಟ್ಟಿಗೆ ಸರಿಪಡಿಸಬಹುದು.

ಮುಂದಿನದು ಗ್ರಾಫ್. ಸಂಗೀತ ಜೋರಿತ್ತು, ಜನ ಹೋದರು ಎಂದಷ್ಟಕ್ಕೆ ಒಂದರಿಂದ ಇನ್ನೊಂದಾಯಿತು ಎನ್ನಲಾಗದು. ಮೊದಲ ಅರ್ಧ ನಿಮಿಷದಲ್ಲಿ ಎಲ್ಲ ವಿಡಿಯೊಗಳಿಂದಲೂ ಜನ ಹೋಗುತ್ತಾರೆ. ತಪ್ಪಿ ಒತ್ತಿದವರು, ಶೀರ್ಷಿಕೆ ನೋಡಿ ಬೇರೇನೋ ನಿರೀಕ್ಷಿಸಿದವರು ಅವರಲ್ಲಿರುತ್ತಾರೆ. ಆಮೇಲೆ ಗೆರೆ ತಾನಾಗಿ ಸಮತಟ್ಟಾಗುತ್ತದೆ. 34ನೇ ಸೆಕೆಂಡಿನಲ್ಲಿ ನಿಮ್ಮ ಗ್ರಾಫ್ ಬಾಗಿದೆ ಎಂಬುದೊಂದರಿಂದ ಏನೂ ಸಾಬೀತಾಗುವುದಿಲ್ಲ.

ನೋಡಬೇಕಾದುದು ಬೇರೆ. ವೀಕ್ಷಣೆಯ ಅಂಕಿಗಳನ್ನು ಪ್ರೋಗ್ರಾಮಿನ ಮೂಲಕ ಪಡೆಯುವ ದಾರಿಯಾದ ಯೂಟ್ಯೂಬ್ ಅನಾಲಿಟಿಕ್ಸ್ ಎಪಿಐ ಪ್ರತಿ ವಿಡಿಯೊವನ್ನು 100 ಸಮಭಾಗ ಮಾಡಿ ಒಂದೊಂದರಲ್ಲೂ ಎಷ್ಟು ಪಾಲು ಜನ ಇದ್ದರೆಂದು ಹೇಳುತ್ತದೆ. ಅಲ್ಲಿ ಆ ಕಾಲಮ್ಮಿನ ಹೆಸರು `audienceWatchRatio`. ನಿಮ್ಮದು 500 ಸೆಕೆಂಡಿನ ವಿಡಿಯೊ, ಆದ್ದರಿಂದ ಒಂದು ಭಾಗಕ್ಕೆ 5 ಸೆಕೆಂಡು. ಇದಕ್ಕಿಂತ ಸೂಕ್ಷ್ಮವಾಗಿ, ಯಾವ ಪದಕ್ಕೆ ಜನ ಎದ್ದುಹೋದರು ಎಂದೆಲ್ಲ ಕೇಳಲು ಹೋಗಬೇಡಿ. ಈಗ ಎಷ್ಟು ಜನ ಉಳಿದರು ಎಂಬುದಕ್ಕೆ ಬದಲಾಗಿ, ಆ 5 ಸೆಕೆಂಡಿನ ಆರಂಭದಲ್ಲಿ ಇದ್ದವರಲ್ಲಿ ಎಷ್ಟು ಪಾಲು ಹೋದರು ಎಂದು ಲೆಕ್ಕ ಹಾಕಿ. ಇದನ್ನು ನಿರ್ಗಮನದ ದರ ಎನ್ನೋಣ. ಗ್ರಾಫಿನ ಇಳಿಜಾರು ಕಣ್ಣಿಗೆ ಮೋಸ ಮಾಡುತ್ತದೆ, ಈ ದರ ಅಷ್ಟು ಸುಲಭಕ್ಕೆ ಮಾಡುವುದಿಲ್ಲ.

ಹಳೆಯ ವಿಡಿಯೊದಲ್ಲಿ 5ನೇ ಸೆಕೆಂಡಿಗೆ ನೂರಕ್ಕೆ 93 ಮಂದಿ ಇದ್ದರು, 10ಕ್ಕೆ 87, 20ಕ್ಕೆ 78, 30ಕ್ಕೆ 72. ಐದೈದು ಸೆಕೆಂಡಿನ ದರ ತೆಗೆದರೆ ಶುರುವಿನಲ್ಲಿ ಶೇ 6ರ ಹತ್ತಿರ, 30ರ ಹೊತ್ತಿಗೆ ಶೇ 4. ಬೇಡದವರು ಬೇಗ ಹೋಗುತ್ತಾರೆ, ಉಳಿದವರು ಗಟ್ಟಿಯಾಗುತ್ತಾ ಹೋಗುತ್ತಾರೆ. ದರ ಹೀಗೆ ಇಳಿಯುತ್ತಿರುವುದು ಸಹಜ. ಹೊಸ ವಿಡಿಯೊದಲ್ಲಿ 5ನೇ ಸೆಕೆಂಡಿಗೆ 92, ಅಂದರೆ ಹಳೆಯದರಷ್ಟೇ. ಆಮೇಲೆ 10ಕ್ಕೆ 83, 20ಕ್ಕೆ 64, 30ಕ್ಕೆ 49. ದರ ಮೊದಲು ಶೇ 10, ನಂತರ ಪ್ರತಿ 5 ಸೆಕೆಂಡಿಗೂ ಶೇ 12ರ ಆಚೀಚೆ. ಇಳಿಯಲೇ ಇಲ್ಲ. ಸಂಗೀತ ತಗ್ಗಿದ ಮೇಲೆ, 35ರಿಂದ 40ರ ನಡುವೆ, ಅದು ಒಮ್ಮೆಗೇ ಶೇ 3ಕ್ಕೆ ಬಂದಿದೆ. ಅಲ್ಲಿಂದಾಚೆ ಹಳೆಯ ವಿಡಿಯೊದ ಜೊತೆಯಲ್ಲೇ ಸಾಗುತ್ತದೆ.

ಇದರಿಂದ ಎರಡು ಬೇರೆ ವಿವರಣೆಗಳು ಬಿದ್ದುಹೋಗುತ್ತವೆ. ಶೀರ್ಷಿಕೆಯೋ ಥಂಬ್‌ನೇಲೋ ದಾರಿ ತಪ್ಪಿಸಿದ್ದರೆ, ಮಾತು ಶುರುವಾಗುವ ಹೊತ್ತಿಗೇ, ಮೊದಲ 5 ಸೆಕೆಂಡಿನಲ್ಲೇ ಹಳೆಯದಕ್ಕೂ ಹೊಸದಕ್ಕೂ ಅಂತರ ಕಾಣಬೇಕಿತ್ತು. ಅಲ್ಲಿ ಎರಡೂ ಒಂದೇ. ವಿಷಯವೇ ಸಪ್ಪೆಯಾಗಿದ್ದರೆ 40ನೇ ಸೆಕೆಂಡಿನ ನಂತರವೂ ಜನ ಹೆಚ್ಚಾಗಿ ಹೋಗುತ್ತಿರಬೇಕಿತ್ತು. ಅದೂ ಇಲ್ಲ. ಹೆಚ್ಚಿನ ನಿರ್ಗಮನ ಪೂರ್ತಿಯಾಗಿ ಮಾತು ಹೂತಿರುವ ಅವಧಿಯೊಳಗೇ ಕುಳಿತಿದೆ. ಇನ್ನೂ ಒಂದು ಗಮನಿಸಿ: ಮಂಕು ಧ್ವನಿ 34ರ ಆಚೆಯೂ ಹಾಗೇ ಇದೆ, ಆ 6 ಡೆಸಿಬಲ್ ನಷ್ಟ ಕೊನೆಯವರೆಗೂ ಇದೆ, ಆದರೂ ಜನ ಹೋಗಲಿಲ್ಲ. ಮಂಕು ಧ್ವನಿಯೊಂದೇ ಅವರನ್ನು ಓಡಿಸಲಿಲ್ಲ. ಅದರ ಮೇಲೆ ಸಂಗೀತ ಬಿದ್ದಾಗ ಸಹಿಸಲಾಗಲಿಲ್ಲ.

5 ನಿಮಿಷ 10 ಸೆಕೆಂಡಿನಲ್ಲಿ ನೀವು ಸಂಗೀತವನ್ನು ಸುಮಾರು 20 ಸೆಕೆಂಡು ಮತ್ತೆ ಏರಿಸಿದ್ದೀರಿ. ಅಲ್ಲಿ ಗ್ರಾಫ್ ಇಳಿದಿಲ್ಲ, ಚೂರು ಉಬ್ಬಿದೆ. ಅದನ್ನು ಮೆಚ್ಚುಗೆ ಎಂದು ಓದಬೇಡಿ. ಹಿಂದಕ್ಕೆ ಹೋಗಿ ಮತ್ತೆ ಕೇಳಿದವರನ್ನೂ ಗ್ರಾಫ್ ಎಣಿಸುತ್ತದೆ. ಐದು ನಿಮಿಷ ನೋಡಿದವರು ವಾಕ್ಯ ಕೇಳಿಸದಿದ್ದರೆ ಎದ್ದುಹೋಗುವುದಕ್ಕಿಂತ ಹಿಂದಕ್ಕೆ ಒತ್ತುವುದೇ ಹೆಚ್ಚು. ಹತ್ತು ಸೆಕೆಂಡು ನೋಡಿದವರಿಗೆ ಆ ತಾಳ್ಮೆ ಏಕಿರಬೇಕು? ಒಂದೇ ತೊಂದರೆ ಆರಂಭದಲ್ಲಿ ತಗ್ಗಾಗಿ, ಮಧ್ಯದಲ್ಲಿ ಉಬ್ಬಾಗಿ ಕಾಣುವುದು ಹೀಗೆ. ಆ ಜಾಗದಲ್ಲಿ ನಿಜಕ್ಕೂ ಮತ್ತೆ ನೋಡುವಂಥ ಚಿತ್ರವೋ ಕೋಷ್ಟಕವೋ ಇದ್ದರೆ ಮಾತು ಬೇರೆ. ನಿಮ್ಮದರಲ್ಲಿ ಅಂಥದ್ದೇನೂ ಇಲ್ಲ.

ಯೂಟ್ಯೂಬ್ ಸ್ಟುಡಿಯೋದ ವಿಸ್ತೃತ ವರದಿಯಲ್ಲಿ ಸಾಧನವಾರು ಸರಾಸರಿ ವೀಕ್ಷಣೆಯ ಪಾಲು ಸಿಗುತ್ತದೆ, ಅದನ್ನೂ ಒಮ್ಮೆ ನೋಡಿ. ಮೊಬೈಲಿನಲ್ಲಿ ಜನ ಹೇಗೂ ಕಡಿಮೆ ನೋಡುತ್ತಿರಬಹುದು, ಅದು ಸಾಕ್ಷ್ಯವಲ್ಲ. ಹಳೆಯ ವಿಡಿಯೊಗಳಿಗೆ ಹೋಲಿಸಿದಾಗ ಟಿವಿಯಲ್ಲಿ ಕುಸಿದುದಕ್ಕಿಂತ ಮೊಬೈಲಿನಲ್ಲಿ ಹೆಚ್ಚು ಕುಸಿದಿದ್ದರೆ ಮಾತ್ರ ಅದು ಸಣ್ಣ ಸ್ಪೀಕರಿನ ಕಡೆ ಬೆರಳು ತೋರಿಸುತ್ತದೆ.

ವೀಕ್ಷಣೆಗಳು ಕಡಿಮೆಯಿದ್ದಾಗ ಈ ದರಗಳನ್ನು ನಂಬಬೇಡಿ. 5 ಸೆಕೆಂಡಿನ ಆರಂಭದಲ್ಲಿ 50 ಜನ ಇದ್ದು 6 ಜನ ಹೋದರೆ ಅದೂ ಶೇ 12, ಆದರೆ ಇನ್ನೊಂದು ದಿನ ಹೋದವರು 3 ಆಗಬಹುದು, 9 ಆಗಬಹುದು. ನಿಮ್ಮ ವಿಡಿಯೊಗೆ ಎರಡು ಸಾವಿರಕ್ಕೂ ಹೆಚ್ಚು ವೀಕ್ಷಣೆಗಳಿರುವುದರಿಂದ ಶೇ 12 ಮತ್ತು ಶೇ 4ರ ಅಂತರ ಆಕಸ್ಮಿಕವಲ್ಲ. ಹೋಲಿಸುವ ವಿಡಿಯೊಗಳಿಗೆ ಜನ ಬಂದ ದಾರಿಯೂ ಒಂದೇ ಇರಬೇಕು. ಹುಡುಕಿಕೊಂಡು ಬಂದವರು ಕಾಯುತ್ತಾರೆ, ಮುಖಪುಟದಲ್ಲಿ ಕಣ್ಣಿಗೆ ಬಿದ್ದು ಬಂದವರು ಕಾಯುವುದಿಲ್ಲ.

ತಿದ್ದುವ ಕೆಲಸದಲ್ಲಿ ಕ್ರಮ ಮುಖ್ಯ. ಮೊದಲು ಧ್ವನಿ: ಮೈಕನ್ನು ಬಟ್ಟೆಯ ಹೊರಗೆ ತನ್ನಿ. ಈಗಾಗಲೇ ಮುದ್ರಿಸಿದ್ದಕ್ಕೆ ಸುಮಾರು 2 ಕಿಲೋಹರ್ಟ್ಸಿನಿಂದ ಮೇಲೆ 4ರಿಂದ 6 ಡೆಸಿಬಲ್ ಏರಿಸಿ, ಪಟ್ಟಿಯ ಅಳತೆಯನ್ನು ಮತ್ತೆ ಮಾಡಿ, ವ್ಯತ್ಯಾಸ 10ರ ಹತ್ತಿರ ಬಂದರೆ ನಿಲ್ಲಿಸಿ. ಏರಿಸಿದಷ್ಟೂ ಕೋಣೆಯ ಸದ್ದೂ ಸಕಾರದ ಚುರುಕೂ ಏರುತ್ತವೆ. ಆಮೇಲೆ ಸಂಗೀತ: ಮಾತಿನಡಿ ಅದನ್ನು ಈಗಿರುವುದಕ್ಕಿಂತ 15 ಡೆಸಿಬಲ್ ಇಳಿಸಿ. ಬಹಳವೆನಿಸಿದರೂ ಇಳಿಸಿ, ನಿಮ್ಮ ಕಿವಿ ಜೋರಾದುದಕ್ಕೆ ಒಗ್ಗಿದೆ. ಸಂಗೀತದ 2ರಿಂದ 5 ಕಿಲೋಹರ್ಟ್ಸ್ ಭಾಗವನ್ನು ಮಾತ್ರ ಇನ್ನೂ 3–4 ಡೆಸಿಬಲ್ ತಗ್ಗಿಸಿದರೆ ಮಾತಿಗೆ ಜಾಗವಾಗುತ್ತದೆ, ಸಂಗೀತದ ಮೈಯೂ ಉಳಿಯುತ್ತದೆ. ಡಕಿಂಗ್ ಬಳಸುವುದಾದರೆ ಮಾತು ನಿಂತ ಕೂಡಲೇ ಸಂಗೀತ ಎಗರಿ ಬರದಂತೆ ಬಿಡುಗಡೆಯ ಸಮಯವನ್ನು ಅರ್ಧ ಸೆಕೆಂಡಿಗಿಂತ ಹೆಚ್ಚಿಡಿ. ಸಾಹಿತ್ಯವಿರುವ ಹಾಡು ಬೇಡವೇ ಬೇಡ; ಎಷ್ಟು ತಗ್ಗಿಸಿದರೂ ಆ ಪದಗಳು ನಿಮ್ಮ ಪದಗಳೊಂದಿಗೆ ಜಗಳಕ್ಕೆ ನಿಲ್ಲುತ್ತವೆ. ಕೊನೆಯ ನಿಮಿಷದ ಸಂಗೀತವನ್ನು ಮಾತಿನ ಮಟ್ಟಕ್ಕೆ ತನ್ನಿ. ಇಡೀ ಫೈಲನ್ನು −14ಕ್ಕೆ ತರುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಆಗ ಎತ್ತುವಾಗ ಧ್ವನಿಯ ಅಲೆಯ ನಿಜವಾದ ತುದಿಯಾದ ಟ್ರೂ ಪೀಕ್ −1 ಡೆಸಿಬಲ್ ದಾಟದಂತೆ ನೋಡಿಕೊಳ್ಳಿ.

ಪ್ರಕಟಿಸುವ ಮುಂಚೆ, ಪಠ್ಯವನ್ನು ಓದಿರದ ಒಬ್ಬರಿಗೆ ಮೊದಲ ಅರ್ಧ ನಿಮಿಷವನ್ನು ಮೊಬೈಲಿನ ಸ್ಪೀಕರಿನಲ್ಲಿ, ಅರ್ಧ ವಾಲ್ಯೂಮಿನಲ್ಲಿ, ಒಂದೇ ಸಲ ಕೇಳಿಸಿ. ಏನು ಹೇಳಿದೆನೆಂದು ಬರೆದುಕೊಡಲು ಹೇಳಿ. ಚೆನ್ನಾಗಿದೆಯೇ ಎಂದು ಮಾತ್ರ ಕೇಳಬೇಡಿ, ಚೆನ್ನಾಗಿದೆ ಎಂದೇ ಹೇಳುತ್ತಾರೆ.

ಪ್ರಕಟವಾದ ವಿಡಿಯೊದಲ್ಲಿ ಮಿಶ್ರಣ ಬದಲಿಸಿದ ಫೈಲನ್ನು ಅದೇ ಜಾಗಕ್ಕೆ ಹಾಕಲು ಯೂಟ್ಯೂಬ್ ಬಿಡುವುದಿಲ್ಲ. ಆದ್ದರಿಂದ ಪರೀಕ್ಷೆ ಮುಂದಿನ ವಿಡಿಯೊಗಳಲ್ಲೇ ನಡೆಯಬೇಕು. ಮೂರು ವಿಡಿಯೊಗಳಲ್ಲಿ ಪೀಠಿಕೆಯ ಉದ್ದ, ಶೀರ್ಷಿಕೆಯ ಧಾಟಿ, ಮೊದಲ ದೃಶ್ಯದ ಬಗೆ ಯಾವುದನ್ನೂ ಬದಲಿಸದೆ ಧ್ವನಿಯನ್ನು ಮಾತ್ರ ಸರಿಮಾಡಿ. ಪ್ರತಿಯೊಂದಕ್ಕೂ ಒಟ್ಟು `R`, ಪಟ್ಟಿಯೊಳಗಿನ `R`, 10ರಿಂದ 30ನೇ ಸೆಕೆಂಡಿನವರೆಗಿನ ದರ, ಈ ಮೂರನ್ನು ಬರೆದಿಡಿ. ಪಟ್ಟಿಯೊಳಗಿನ `R` 12 ದಾಟಿದ ಮೇಲೂ ನಿರ್ಗಮನದ ದರ ಶೇ 12ರಲ್ಲೇ ನಿಂತಿದ್ದರೆ ನನ್ನ ತೀರ್ಮಾನ ತಪ್ಪು ಎಂದರ್ಥ. ಆಗ ಸಂಗೀತವನ್ನು ಬಿಟ್ಟು ಆ 20 ಸೆಕೆಂಡಿನಲ್ಲಿ ನೀವು ಹೇಳುತ್ತಿರುವುದನ್ನು ಹಾಳೆಯ ಮೇಲೆ ಬರೆದು ಕಳಿಸಿ.